ಒಂದೂವರೆ ಡಿಗ್ರಿಯ ಲೆಕ್ಕ

ಬೆಂಗಳೂರಿನಲ್ಲಿ ಡೇಟಾ ಸೆಂಟರ್ ಕಟ್ಟಲು ಕರೆಯುವ ಟೆಂಡರ್ ಪುಸ್ತಕಗಳು ನೂರಾರು ಪುಟ ಇರುತ್ತವೆ. ಆದರೆ ಪ್ಲೇಟ್ ಹೀಟ್ ಎಕ್ಸ್‌ಚೇಂಜರಿಗೆ ಬಂದಾಗ ಎಷ್ಟೋ ಕಡೆ ಎರಡೇ ಸಾಲಿನಲ್ಲಿ ಮಾತು ಮುಗಿದಿರುತ್ತದೆ: ಅಪ್ರೋಚ್ ಒಂದು ಡಿಗ್ರಿ ಮೀರಬಾರದು, ಫೌಲಿಂಗ್ ಫ್ಯಾಕ್ಟರ್ ಎರಡೂ ಬದಿಗೆ 0.001 ಇರಬೇಕು. ಓದಿದರೆ ಯಾರೋ ಬಹಳ ಎಚ್ಚರದಿಂದ ಬರೆದ ಹಾಗೆ ಕಾಣುತ್ತದೆ. ಲೆಕ್ಕ ಹಾಕಿ ನೋಡಿದರೆ ಮೊದಲ ಸಾಲು ಹಣ ಪೋಲು ಮಾಡಿಸುತ್ತದೆ, ಎರಡನೆಯದು ಯಾವ ಕೊಳೆಗೆ ಹೆದರಿ ಬರೆದದ್ದೋ ಅದೇ ಕೊಳೆಯನ್ನು ಕರೆದು ಕೂರಿಸುತ್ತದೆ. ಹೇಗೆ ಅನ್ನುವುದನ್ನು ನೋಡಲು ಒಂದು ಮೆಗಾವ್ಯಾಟ್ ಶಾಖದ ಒಂದು ಹಾಲ್ ಇಟ್ಟುಕೊಳ್ಳೋಣ.

ಈ ಹಾಲ್‌ನ ಸರ್ವರ್‌ಗಳು 1000 ಕಿಲೋವ್ಯಾಟ್ ಶಾಖ ಉಗುಳುತ್ತವೆ. ಒಳಗಿನ ಪೈಪಿನಲ್ಲಿ ಸುತ್ತುವ ನೀರು 20 ಡಿಗ್ರಿಯಲ್ಲಿ ಹೋಗಿ, ಶಾಖ ಹೀರಿ, 30 ಡಿಗ್ರಿಯಾಗಿ ಮರಳುತ್ತದೆ. ಹತ್ತು ಡಿಗ್ರಿ ಏರಲು ಸೆಕೆಂಡಿಗೆ ಸುಮಾರು 24 ಲೀಟರ್ ನೀರು ಓಡಬೇಕು. 20 ಡಿಗ್ರಿ ಎಂದರೆ ಕಚೇರಿಯ ಎ.ಸಿ. ಬಲ್ಲವರಿಗೆ ಬಿಸಿಯೆನಿಸಬಹುದು, ಅಲ್ಲಿ ನೀರು 7 ಡಿಗ್ರಿಯಲ್ಲಿ ಹೊರಡುತ್ತದೆ. ಆದರೆ ಸರ್ವರಿಗೆ ಹೋಗುವ ಗಾಳಿ 18ರಿಂದ 27 ಡಿಗ್ರಿಯೊಳಗೆ ಇದ್ದರೆ ಸಾಕೆಂಬುದು ಆಶ್ರೇ ಸಂಸ್ಥೆಯ ಶಿಫಾರಸು. 20 ಡಿಗ್ರಿಯ ನೀರು ಅದಕ್ಕೆ ಧಾರಾಳವಾಗಿ ಸಾಕು. ಬೆಂಗಳೂರಿನಲ್ಲಿ ಫ್ರೀ ಕೂಲಿಂಗ್ ಎಂಬ ಮಾತಿಗೆ ಅರ್ಥ ಬರುವುದೂ ಇದರಿಂದಲೇ. 7 ಡಿಗ್ರಿ ಬೇಕೆನ್ನುವ ಕಚೇರಿಗೆ ಈ ಊರಿನ ಹವೆ ಯಾವ ಚಳಿಗಾಲದಲ್ಲೂ ಒದಗುವುದಿಲ್ಲ.

ಫ್ರೀ ಕೂಲಿಂಗ್ ಎಂದರೆ ಕಂಪ್ರೆಸರ್ ಓಡಿಸದೆ, ಚಾವಣಿ ಮೇಲಿನ ಕೂಲಿಂಗ್ ಟವರ್‌ನಲ್ಲಿ ತಣಿದ ನೀರಿನಿಂದಲೇ ಕೆಲಸ ಮಾಡಿಸಿಕೊಳ್ಳುವುದು. ಟವರ್ ನೀರು ಎಷ್ಟು ತಣಿಯಬಹುದು ಎಂಬುದಕ್ಕೆ ಗಾಳಿಯ ವೆಟ್ ಬಲ್ಬ್ ಉಷ್ಣತೆಯೇ ಕೊನೆಯ ಗೆರೆ. ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದಾಗ ಬರುವ ಅಂಕಿ ಅದು. ಆ ಗೆರೆಯನ್ನು ಟವರ್ ಮುಟ್ಟುವುದಿಲ್ಲ, ನಾಲ್ಕು ಡಿಗ್ರಿಯಷ್ಟು ಮೇಲೆಯೇ ನಿಲ್ಲುತ್ತದೆ. ಜನವರಿಯ ಬೆಳಗಿನ ಜಾವ ಬೆಂಗಳೂರಿನ ವೆಟ್ ಬಲ್ಬ್ 14 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಆಗ ಟವರ್ ನೀರು 18ರಿಂದ 18.5. ಅದೇ ದಿನ ಮಧ್ಯಾಹ್ನ ಬಿಸಿಲಿದ್ದರೂ ಗಾಳಿ ಒಣಗಿರುವುದರಿಂದ ವೆಟ್ ಬಲ್ಬ್ 18ರ ಹತ್ತಿರ, ಟವರ್ ನೀರು 22. ಮಳೆಗಾಲದಲ್ಲಿ ಮೈಗೆ ತಂಪೆನಿಸಿದರೂ ಗಾಳಿ ತೇವದಿಂದ ತುಂಬಿರುತ್ತದೆ. ವೆಟ್ ಬಲ್ಬ್ 20-21ರಿಂದ ಕೆಳಗಿಳಿಯುವುದು ಕಡಿಮೆ, ಟವರ್ ನೀರು 25 ಎಂದು ಹಿಡಿಯಬೇಕು. ಜುಲೈನಲ್ಲಿ ಸ್ವೆಟರ್ ಹಾಕಿ ಓಡಾಡುವ ಊರಿನಲ್ಲಿ ಟವರಿಗೆ ಮಾತ್ರ ಜನವರಿಯ ಸುಡುವ ಮಧ್ಯಾಹ್ನವೇ ಹಿತ!

ಟವರ್ ನೀರು ತೆರೆದ ನೀರು. ಅದರಲ್ಲಿ ಧೂಳು, ಪಾಚಿ, ಹುಳ, ಬೋರ್‌ವೆಲ್‌ನ ಉಪ್ಪು ಎಲ್ಲವೂ ಇರುತ್ತದೆ. ಒಳಗಿನ ನೀರು ಮುಚ್ಚಿದ ಪೈಪಿನ ಶುದ್ಧ ನೀರು. ಎರಡೂ ಬೆರೆಯಕೂಡದು, ಶಾಖ ಮಾತ್ರ ದಾಟಬೇಕು. ಅದಕ್ಕೇ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್. ಅಲೆಅಲೆಯಾಗಿ ಒತ್ತಿದ ತೆಳು ಸ್ಟೇನ್‌ಲೆಸ್ ಸ್ಟೀಲ್ ತಟ್ಟೆಗಳನ್ನು ಗ್ಯಾಸ್ಕೆಟ್ ಹಾಕಿ ಸಾಲಾಗಿ ನಿಲ್ಲಿಸಿ ಬೋಲ್ಟ್‌ನಿಂದ ಬಿಗಿದ ಯಂತ್ರ ಇದು. ಒಂದು ಸಂದಿನಲ್ಲಿ ಟವರ್ ನೀರು, ಪಕ್ಕದ ಸಂದಿನಲ್ಲಿ ಒಳಗಿನ ನೀರು, ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಹರಿಯುತ್ತವೆ. 1923ರಲ್ಲಿ ರಿಚರ್ಡ್ ಸೆಲಿಗ್‌ಮನ್ ಇಂಗ್ಲೆಂಡಿನಲ್ಲಿ ಇದನ್ನು ರೂಪಿಸಿದ್ದು ಹಾಲು ಪಾಶ್ಚರೀಕರಿಸಲು. ಬಿಚ್ಚಿ ತೊಳೆಯಲು ಸುಲಭವಾಗಲೆಂದೇ ಅದಕ್ಕೆ ಆ ಆಕಾರ ಬಂತು. ಮುಂದೆ ಇದು ನಮಗೂ ಉಪಯೋಗಕ್ಕೆ ಬರಲಿದೆ.

ಟವರಿನಿಂದ ಬರುವ ನೀರು 18.5 ಡಿಗ್ರಿ ಇದ್ದು, ಒಳಗಿನ ನೀರು 20 ಡಿಗ್ರಿಗೆ ತಣಿದು ಹೊರಟರೆ ನಡುವಿನ ಒಂದೂವರೆ ಡಿಗ್ರಿಯೇ ಅಪ್ರೋಚ್. ಎರಡೂ ಬದಿ ಒಂದೇ ಪ್ರಮಾಣದ ನೀರು ಹರಿದರೆ ಲೆಕ್ಕ ತೀರಾ ಸರಳವಾಗುತ್ತದೆ. ಟವರ್ ನೀರು 18.5ರಿಂದ 28.5ಕ್ಕೆ ಏರುತ್ತದೆ, ಒಳಗಿನದು 30ರಿಂದ 20ಕ್ಕೆ ಇಳಿಯುತ್ತದೆ. ತಟ್ಟೆಯ ಯಾವ ಜಾಗದಲ್ಲಿ ಅಳೆದರೂ ಎರಡರ ನಡುವೆ ಇರುವುದು ಆ ಒಂದೂವರೆ ಡಿಗ್ರಿಯೇ, ಶಾಖವನ್ನು ತಳ್ಳುವ ಬಲವೂ ಅಷ್ಟೇ. ಒಳ್ಳೆಯ ತಟ್ಟೆ, ಸಾಕಷ್ಟು ವೇಗದ ನೀರು ಇದ್ದಾಗ ಒಂದು ಚದರ ಮೀಟರ್ ತಟ್ಟೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 4 ಕಿಲೋವ್ಯಾಟ್ ದಾಟಿಸುತ್ತದೆ ಎಂದು ಹಿಡಿಯೋಣ. 1000 ಕಿಲೋವ್ಯಾಟಿಗೆ ಒಂದೂವರೆ ಡಿಗ್ರಿಯಲ್ಲಿ 167 ಚದರ ಮೀಟರ್ ಬೇಕು. ಮೂರು ಡಿಗ್ರಿ ಬಿಟ್ಟುಕೊಟ್ಟರೆ 83 ಸಾಕು. ಟೆಂಡರ್ ಕೇಳಿದ ಹಾಗೆ ಒಂದೇ ಡಿಗ್ರಿ ಎಂದರೆ 250. ಅಪ್ರೋಚ್ ಅರ್ಧಕ್ಕೆ ಇಳಿದಾಗ ಯಂತ್ರ ಎರಡರಷ್ಟಾಗುತ್ತದೆ, ಇದರಲ್ಲಿ ಚೌಕಾಸಿಗೆ ಜಾಗವಿಲ್ಲ.

ಇಷ್ಟು ಎಲ್ಲರಿಗೂ ಗೊತ್ತು. ಆಮೇಲಿನ ವಾದ ಹೀಗೆ ಸಾಗುತ್ತದೆ: ಅಪ್ರೋಚ್ ಒಂದು ಡಿಗ್ರಿ ಕಡಿಮೆಯಾದರೆ ವರ್ಷದ ಪ್ರತಿ ಗಂಟೆಯೂ ಒಂದು ಡಿಗ್ರಿ ಹೆಚ್ಚು ತಂಪು ಸಿಗುತ್ತದೆ, ಆದ್ದರಿಂದ ಎಷ್ಟು ಕೊಟ್ಟರೂ ಲಾಭವೇ. ಇಲ್ಲಿ ಲೆಕ್ಕ ಜಾರುತ್ತದೆ. ಅಪ್ರೋಚ್ ಯಂತ್ರಕ್ಕೆ ಅಂಟಿದ ಅಂಕಿ ಅಲ್ಲ, ಹೊರುವ ಶಾಖಕ್ಕೆ ತಕ್ಕಂತೆ ಅದು ಹಿಗ್ಗಿ ಕುಗ್ಗುತ್ತದೆ. ಹರಿವು ಬದಲಾಗದಿದ್ದರೆ ಯಂತ್ರಕ್ಕೆ ಅಂಟಿದ್ದು ಬೇರೊಂದು ಅಂಕಿ. ಬರುವ ಎರಡು ನೀರುಗಳ ಉಷ್ಣತೆಯ ಅಂತರದಲ್ಲಿ ಎಷ್ಟು ಪಾಲನ್ನು ಅದು ಹಿಡಿಯಬಲ್ಲದು ಎಂಬುದು. ನಮ್ಮ 167 ಚದರ ಮೀಟರಿನ ಯಂತ್ರಕ್ಕೆ 30 ಮತ್ತು 18.5ರ ನಡುವೆ ಸಿಕ್ಕಿದ್ದು 11.5 ಡಿಗ್ರಿ, ಹಿಡಿದದ್ದು 10. ಅಂದರೆ ಶೇ 87. ಮೂರು ಡಿಗ್ರಿಯ ಯಂತ್ರ ಹಿಡಿಯುವುದು ಶೇ 77, ಒಂದು ಡಿಗ್ರಿಯದು ಶೇ 91.

ಈಗ ಜುಲೈಗೆ ಬನ್ನಿ. ಟವರ್ ನೀರು 25 ಡಿಗ್ರಿ, ಮರಳಿ ಬಂದ ನೀರು 30. ಸಿಕ್ಕ ಅಂತರ ಐದೇ ಡಿಗ್ರಿ. ಒಂದೂವರೆ ಡಿಗ್ರಿಯ ಯಂತ್ರ ನೀರನ್ನು 25.65ಕ್ಕೆ ಇಳಿಸುತ್ತದೆ, ಅರ್ಧ ಗಾತ್ರದ ಮೂರು ಡಿಗ್ರಿಯ ಯಂತ್ರ 26.15ಕ್ಕೆ. ಅಲ್ಲಿಂದ 20ಕ್ಕೆ ಇಳಿಸುವುದು ಹಿಂದೆ ನಿಂತ ಚಿಲ್ಲರಿನ ಕೆಲಸ. ವ್ಯತ್ಯಾಸ ಒಂದೂವರೆ ಡಿಗ್ರಿ ಅಲ್ಲ, ಅರ್ಧ ಡಿಗ್ರಿ. ಜನವರಿಯ ಬೆಳಗಿನ ಜಾವ, ಟವರ್ ನೀರು 18.5 ಇದ್ದಾಗ ಈ ವ್ಯತ್ಯಾಸ 1.15 ಡಿಗ್ರಿಗೆ ಏರುತ್ತದೆ. ಹಾಗಾಗಿ ದೊಡ್ಡ ಯಂತ್ರ ವರ್ಷದುದ್ದಕ್ಕೂ ಹೆಚ್ಚಾಗಿ ಗಳಿಸುವ ಶಾಖ 50ರಿಂದ 115 ಕಿಲೋವ್ಯಾಟ್. ಸರಾಸರಿ 75 ಅನ್ನೋಣ. ಇಷ್ಟು ಬಿಸಿನೀರಿನ ಮೇಲೆ ಓಡುವ ಚಿಲ್ಲರ್ ಒಂದು ಯೂನಿಟ್ ಕರೆಂಟಿಗೆ ಏಳು ಯೂನಿಟ್ ಶಾಖ ಎತ್ತುತ್ತದೆ ಎಂದು ಹಿಡಿದರೆ ಉಳಿತಾಯ ಗಂಟೆಗೆ 11 ಯೂನಿಟ್‌ಗೆ ಹತ್ತಿರ, ವರ್ಷಕ್ಕೆ 90 ಸಾವಿರ ಯೂನಿಟ್ ದಾಟುತ್ತದೆ. ಅದಕ್ಕಾಗಿ ಹೆಚ್ಚಿಗೆ ಕೊಟ್ಟದ್ದು 83 ಚದರ ಮೀಟರ್ ತಟ್ಟೆ. ಕೊಡಬಹುದು.

ಇನ್ನೂ 83 ಚದರ ಮೀಟರ್ ಸೇರಿಸಿ ಒಂದು ಡಿಗ್ರಿಗೆ ಇಳಿದರೆ? ಜುಲೈನಲ್ಲಿ ಹೆಚ್ಚಾಗಿ ಸಿಗುವುದು 20 ಕಿಲೋವ್ಯಾಟ್ ಶಾಖ, ಜನವರಿಯ ಮುಂಜಾನೆ 45. ವರ್ಷದ ಲೆಕ್ಕದಲ್ಲಿ ಅಬ್ಬಬ್ಬಾ ಎಂದರೆ 37 ಸಾವಿರ ಯೂನಿಟ್. ಅಷ್ಟೇ ಲೋಹ, ಅರ್ಧಕ್ಕಿಂತ ಕಡಿಮೆ ಫಲ. ಮೇಲಾಗಿ ಹತ್ತು ಡಿಗ್ರಿ ಇಳಿಸಿ ಒಂದು ಡಿಗ್ರಿ ಅಪ್ರೋಚ್ ಕೊಡುವುದು ಒಂದೇ ಸುತ್ತಿನ ತಟ್ಟೆಗಳಿಗೆ ಕಷ್ಟದ ಕೆಲಸ. ನೀರನ್ನು ಎರಡು ಸುತ್ತು ತಿರುಗಿಸಬೇಕಾಗಿ ಬಂದರೆ ಪೈಪು ಯಂತ್ರದ ಎರಡೂ ತುದಿಗೆ ಬರುತ್ತದೆ, ಬಿಚ್ಚುವಾಗ ಪ್ರತಿ ಸಲ ಪೈಪನ್ನೂ ಕಳಚಬೇಕು.

ಹಾಗಾದರೆ ಒಂದು ಡಿಗ್ರಿ ಎಲ್ಲಿ ಸರಿ? ಮರಳುವ ನೀರು ಹೀಟ್ ಎಕ್ಸ್‌ಚೇಂಜರನ್ನು ಹಾದು ನಂತರ ಚಿಲ್ಲರಿಗೆ ಹೋಗುವ ಜೋಡಣೆ ಇಲ್ಲದೆ, ಚಿಲ್ಲರ್ ಇಲ್ಲವೇ ಫ್ರೀ ಕೂಲಿಂಗ್, ಎರಡರಲ್ಲಿ ಒಂದೇ ಎಂಬಂತೆ ಪೈಪು ಹಾಕಿರುವ ಕಡೆ. ಅಲ್ಲಿ 20 ಡಿಗ್ರಿ ಸಿಕ್ಕರೆ ಕಂಪ್ರೆಸರ್ ಪೂರ್ತಿ ನಿಲ್ಲುತ್ತದೆ, 20.3 ಆದರೆ ಪೂರ್ತಿ ಓಡುತ್ತದೆ. ಆಗ ಅರ್ಧ ಡಿಗ್ರಿಗೂ ನೂರಾರು ಗಂಟೆಗಳ ಬೆಲೆ ಇರಬಹುದು. ಆದರೆ ಬೆಂಗಳೂರಿನಲ್ಲಿ ಹಾಗೆ ಪೈಪು ಹಾಕುವುದೇ ಮೊದಲ ತಪ್ಪು. ಇಲ್ಲಿ ಪೂರ್ತಿ ಫ್ರೀ ಕೂಲಿಂಗ್ ಸಿಗುವುದು ಚಳಿಗಾಲದ ಕೆಲವು ಮುಂಜಾನೆಗಳಲ್ಲಿ, ಅರೆಪಾಲು ಸಿಗುವುದು ವರ್ಷವಿಡೀ. ಜನವರಿಯ ಮಧ್ಯಾಹ್ನ 22 ಡಿಗ್ರಿಯ ಟವರ್ ನೀರು ಕೈಯಲ್ಲಿದ್ದರೆ ಹೊರೆಯ ಶೇ 70ರಷ್ಟನ್ನು ಹೀಟ್ ಎಕ್ಸ್‌ಚೇಂಜರೇ ಹೊತ್ತುಬಿಡುತ್ತದೆ, ಚಿಲ್ಲರಿಗೆ ಉಳಿಯುವುದು ಕೊನೆಯ ಮೂರು ಡಿಗ್ರಿ. ಜುಲೈನಲ್ಲೂ ಶೇ 43. ಇದನ್ನು ಕೈಬಿಟ್ಟು ಮುಂಜಾನೆಯ ನಾಲ್ಕು ಗಂಟೆಗಾಗಿ ಒಂದು ಡಿಗ್ರಿಯ ಯಂತ್ರ ಕೊಳ್ಳುವುದರಲ್ಲಿ ಜಾಣತನ ಕಾಣೆ. ಒಂದೂವರೆಯಿಂದ ಎರಡು ಡಿಗ್ರಿ ಈ ಊರಿಗೆ ಹೊಂದುವ ಅಂಕಿ.

ಇನ್ನು ಎರಡನೆಯ ಸಾಲು, ಫೌಲಿಂಗ್. ತಟ್ಟೆಯ ಮೇಲೆ ಕೊಳೆ ಕೂತರೆ ಶಾಖಕ್ಕೆ ಅಡ್ಡಿ. ಆ ಅಡ್ಡಿಯನ್ನು ಮೊದಲೇ ಊಹಿಸಿ ಹೆಚ್ಚುವರಿ ತಟ್ಟೆ ಕೊಡುವುದೇ ಫೌಲಿಂಗ್ ಭತ್ಯೆ. 0.001 ಎಂಬ ಅಂಕಿ ಬಂದದ್ದು ಶೆಲ್ ಅಂಡ್ ಟ್ಯೂಬ್ ಯಂತ್ರಗಳ ತಯಾರಕರ ಸಂಘವಾದ ಟೆಮಾದ ಕೋಷ್ಟಕದಿಂದ. ಅದು ಅಡಿ, ಫ್ಯಾರನ್‌ಹೀಟ್ ಮಾನದ್ದು, ನಮ್ಮ ಮಾನದಲ್ಲಿ 0.000176. ಅಗಲ ಕೊಳವೆಯಲ್ಲಿ ನೀರು ಸಾವಕಾಶವಾಗಿ ಹರಿಯುವ, ಮೂಲೆಗಳಲ್ಲಿ ನಿಂತುಬಿಡುವ ಯಂತ್ರಕ್ಕೆ ಹೇಳಿದ್ದು ಅದು. ಅಲ್ಲಿ ಚದರ ಮೀಟರಿಗೆ ದಾಟುವ ಶಾಖವೇ ಕಡಿಮೆ, ಆದ್ದರಿಂದ ಈ ಅಡ್ಡಿ ಸೇರಿದರೂ ಯಂತ್ರ ವಿಪರೀತ ಬೆಳೆಯುವುದಿಲ್ಲ. ತಟ್ಟೆ ಯಂತ್ರದಲ್ಲಿ ಶುದ್ಧ ಸ್ಥಿತಿಯ ಅಡ್ಡಿಯೇ 0.00025. ಅದಕ್ಕೆ ಎರಡೂ ಬದಿಯದು ಸೇರಿ 0.00035 ಕೂಡಿಸಿದರೆ, ಕೊಳೆಗಾಗಿ ಇಟ್ಟ ಪಾಲು ಯಂತ್ರಕ್ಕಿಂತ ದೊಡ್ಡದಾಯಿತು. 167 ಇದ್ದದ್ದು 400 ಚದರ ಮೀಟರ್.

ಖರ್ಚಷ್ಟೇ ಆಗಿದ್ದರೆ ಶ್ರೀಮಂತ ಗಿರಾಕಿಯ ಮಟ್ಟಿಗೆ ಹೋಗಲಿ ಅನ್ನಬಹುದಿತ್ತು. ತೊಂದರೆ ಇರುವುದು ಆ ತಟ್ಟೆಗಳನ್ನು ಸೇರಿಸುವ ರೀತಿಯಲ್ಲಿ. ತಟ್ಟೆ ಹೆಚ್ಚಾದ ಹಾಗೆ ನೀರು ಹರಿಯುವ ಸಂದುಗಳೂ ಹೆಚ್ಚುತ್ತವೆ, ಆದರೆ ಬರುವ ನೀರು ಅದೇ 24 ಲೀಟರ್. 2.4 ಪಟ್ಟು ಸಂದುಗಳಿಗೆ ಹಂಚಿದರೆ ಪ್ರತಿ ಸಂದಿನ ವೇಗ ಶೇ 40ಕ್ಕೆ ಕುಸಿಯುತ್ತದೆ. ತಟ್ಟೆಯ ಮೈಯನ್ನು ನೀರು ಉಜ್ಜುವ ಬಲ ವೇಗದ ವರ್ಗಕ್ಕೆ ಹತ್ತಿರದ ಪ್ರಮಾಣದಲ್ಲಿ ಇಳಿಯುವುದರಿಂದ ಅದು ಐದನೇ ಒಂದು ಪಾಲಿಗೆ ಬರುತ್ತದೆ. ಉಕ್ಕಿ ಹರಿಯುವಾಗ ಬಂಡೆಯನ್ನು ತೊಳೆದಿಡುವ ಹೊಳೆ ಬೇಸಗೆಯಲ್ಲಿ ಸಣ್ಣಗಾದಾಗ ಅದೇ ಬಂಡೆಗೆ ಪಾಚಿ ಹಿಡಿಯುತ್ತದಲ್ಲ, ಇಲ್ಲೂ ಹಾಗೆಯೇ. ಜೊತೆಗೆ ವೇಗ ಇಳಿದಾಗ ಪ್ರತಿ ಚದರ ಮೀಟರ್ ದಾಟಿಸುವ ಶಾಖವೂ ಇಳಿಯುತ್ತದೆ, ಹಾಗಾಗಿ ತಟ್ಟೆ 2.4 ಪಟ್ಟಾದರೂ ಯಂತ್ರದ ಶಕ್ತಿ ಒಂದೂವರೆ ಪಟ್ಟನ್ನೂ ಮುಟ್ಟುವುದಿಲ್ಲ. ಕೊಟೇಶನ್ ಬಂದಾಗ ತಟ್ಟೆಯ ಸಂಖ್ಯೆಗಿಂತ ಮೊದಲು ಪ್ರೆಷರ್ ಡ್ರಾಪ್ ನೋಡಬೇಕಾದ್ದು ಇದಕ್ಕೇ. 50 ಕಿಲೋಪಾಸ್ಕಲ್, ಅಂದರೆ ಸುಮಾರು ಐದು ಮೀಟರ್ ನೀರಿನಷ್ಟು ಒತ್ತಡ ಕಳೆಯಲು ಅನುಮತಿ ಕೊಟ್ಟಿದ್ದು, ಬಂದ ಯಂತ್ರ 12 ಕಿಲೋಪಾಸ್ಕಲ್ ಮಾತ್ರ ಬಳಸುತ್ತಿದೆ ಎಂದರೆ ಪಂಪಿನ ಕರೆಂಟ್ ಉಳಿಯಿತು ಎಂದು ಹಿಗ್ಗಬಾರದು. ಆ ಸಂದುಗಳಲ್ಲಿ ನೀರು ತೂಕಡಿಸುತ್ತಿದೆ. 50 ಕಿಲೋಪಾಸ್ಕಲ್ ಪೂರ್ತಿ ಬಳಸಿದರೂ ಎರಡೂ ಬದಿಯ ಪಂಪುಗಳಿಗೆ ಬೀಳುವುದು ನಾಲ್ಕು ಕಿಲೋವ್ಯಾಟಿಗಿಂತ ಕಡಿಮೆ.

ಹಾಗಾದರೆ ಎಷ್ಟು ಭತ್ಯೆ ಇಡಬೇಕು? ಶುದ್ಧ ಸ್ಥಿತಿಗಿಂತ ಶೇ 10 ಹೆಚ್ಚು ಶಕ್ತಿ ಕೇಳುವುದು ರೂಢಿಯಲ್ಲಿದೆ, ನನ್ನ ಮಟ್ಟಿಗೆ ಅದು ಸಾಕು. ಶೇ 10 ಎಂದರೆ ಎಷ್ಟು ಕೊಳೆ? ನಮ್ಮ ಯಂತ್ರದ ಅಡ್ಡಿ 0.00025ರಲ್ಲಿ ಹತ್ತನೇ ಒಂದು ಪಾಲು 0.000025. ಈ ಯಂತ್ರದಲ್ಲಿ ತಟ್ಟೆಯ ಮೈ 30 ಡಿಗ್ರಿ ದಾಟುವುದಿಲ್ಲ, ಆದ್ದರಿಂದ ಬೋರ್‌ವೆಲ್ ನೀರಿನ ಸುಣ್ಣ ಇಲ್ಲಿ ಗಟ್ಟಿಯಾಗಿ ಕೂರುವುದು ಕಡಿಮೆ, ಅದಕ್ಕೆ ಚಿಲ್ಲರಿನ ಬಿಸಿ ಕಂಡೆನ್ಸರ್ ಹೆಚ್ಚು ಇಷ್ಟ. ಇಲ್ಲಿ ಕೂರುವುದು ಜೀವಾಣುಗಳ ಲೋಳೆ, ಅದಕ್ಕಂಟಿದ ಮಣ್ಣು. ಲೋಳೆಯ ಬಹುಪಾಲು ನೀರೇ, ಶಾಖ ಸಾಗಿಸುವುದರಲ್ಲೂ ನಿಂತ ನೀರಿನ ಹಾಗೆಯೇ. ಗುಣಿಸಿದರೆ 15 ಮೈಕ್ರಾನ್ ದಪ್ಪ ಬರುತ್ತದೆ. ತಲೆಗೂದಲಿನ ನಾಲ್ಕೈದನೇ ಒಂದು ಪಾಲು! ತಟ್ಟೆಯ ಮೇಲೆ ಬೆರಳಾಡಿಸಿದಾಗ ಜಾರಿದಂತಾದರೆ ಇಡೀ ಭತ್ಯೆ ಆಗಲೇ ಖರ್ಚಾಗಿದೆ ಎಂದುಕೊಳ್ಳಿ.

ಇಷ್ಟು ತೆಳುವಾದ ರಕ್ಷಣೆ ನಂಬಬಹುದೇ ಎನ್ನುವವರಿಗೆ ಇನ್ನೊಂದು ಬದಿಯ ಲೆಕ್ಕ ಹೇಳಬೇಕು. ಭತ್ಯೆಯನ್ನೇ ಇಡದೆ, ಆ 15 ಮೈಕ್ರಾನ್ ಲೋಳೆ ಕೂತರೆ ಏನಾಗುತ್ತದೆ? ಒಂದೂವರೆ ಡಿಗ್ರಿಯ ಅಪ್ರೋಚ್ 1.63 ಆಗುತ್ತದೆ, ಅಷ್ಟೆ. ಹಿಂದೆ ಚಿಲ್ಲರ್ ನಿಂತಿದೆ, ಆ ಚೂರನ್ನು ಅದು ಎತ್ತಿಕೊಳ್ಳುತ್ತದೆ, ಸರ್ವರಿಗೆ ಗೊತ್ತೂ ಆಗುವುದಿಲ್ಲ. ಇಲ್ಲಿ ಕೊಳೆಯಿಂದ ನಷ್ಟವಾಗುವುದು ಕರೆಂಟ್ ಬಿಲ್ಲಿನಲ್ಲಿ, ಅದೂ ನಿಧಾನವಾಗಿ. ಅದಕ್ಕೆ ಮದ್ದು ಸಕಾಲಕ್ಕೆ ತೊಳೆಯುವುದು. ತೊಳೆಯಲೆಂದೇ ಹುಟ್ಟಿದ ಯಂತ್ರಕ್ಕೆ ತೊಳೆಯದೆ ಇರುವ ಏರ್ಪಾಟು ಮಾಡುವುದು ವಿಚಿತ್ರ. ನಾಳೆ ಹೊರೆ ಹೆಚ್ಚೀತು ಎಂಬ ಅನುಮಾನವಿದ್ದರೆ ತಟ್ಟೆ ಈಗಲೇ ತುಂಬಿಸದೆ, ಫ್ರೇಮ್ ಮಾತ್ರ ಶೇ 20ರಷ್ಟು ಉದ್ದ ಕೊಂಡರಾಯಿತು.

ಯಾವಾಗ ತೊಳೆಯಬೇಕೆಂದು ತಿಳಿಯುವುದರಲ್ಲಿ ಮಾತ್ರ ಒಂದು ಬಲೆ ಇದೆ. ಜೂನ್ ತಿಂಗಳ ಒಂದು ದಿನ ಪ್ಲಾಂಟ್ ರೂಮಿನ ಪರದೆಯಲ್ಲಿ ಮರಳುವ ನೀರು 30, ಹೊರಡುವುದು 26, ಟವರ್ ನೀರು 25 ಎಂದು ಕಾಣುತ್ತದೆ ಅನ್ನಿ. "ಅಪ್ರೋಚ್ ಒಂದೇ ಡಿಗ್ರಿ ಇದೆ ಸಾರ್, ಡಿಸೈನ್‌ಗಿಂತ ಚೆನ್ನಾಗಿದೆ" ಎಂದು ಆಪರೇಟರ್ ಹೇಳಿದರೆ ತಪ್ಪು ಹುಡುಕುವುದು ಕಷ್ಟ. ಆದರೆ ಶುದ್ಧ ಯಂತ್ರ ಆ ದಿನ ಕೊಡಬೇಕಿದ್ದುದು 0.65. ನೋಡಬೇಕಾದ್ದು ಒಳಗಿನ ನೀರು ಎಷ್ಟು ಡಿಗ್ರಿ ಇಳಿಯಿತೋ ಅದನ್ನು ಅಪ್ರೋಚಿನಿಂದ ಭಾಗಿಸಿ ಬರುವ ಅಂಕಿ. ಹೊಸದರಲ್ಲಿ 10ನ್ನು 1.5ರಿಂದ ಭಾಗಿಸಿ 6.7 ಇತ್ತು. ಈಗ 4ನ್ನು 1ರಿಂದ ಭಾಗಿಸಿದರೆ 4. ಹರಿವು ಹಳೆಯಷ್ಟೇ ಇದ್ದು, ಎರಡೂ ಬದಿ ಸಮವಾಗಿದ್ದರೆ, ತಟ್ಟೆಗಳ ಶಕ್ತಿ ಶೇ 40ರಷ್ಟು ಹೋಗಿದೆ ಎಂದೇ ಅರ್ಥ. ಈ ಭಾಗಾಕಾರಕ್ಕೆ ಬೆಲೆ ಬರಬೇಕಾದರೆ ಸೆನ್ಸರ್‌ಗಳು ಒಂದಕ್ಕೊಂದು ಹೊಂದುವಂತೆ ಪರೀಕ್ಷಿಸಿದ ಜೋಡಿಗಳಾಗಿರಬೇಕು. ಅರ್ಧ ಡಿಗ್ರಿ ತಪ್ಪು ತೋರಿಸುವ ಎರಡು ಸೆನ್ಸರ್ ಇಟ್ಟುಕೊಂಡು ಒಂದು ಡಿಗ್ರಿ ಅಪ್ರೋಚ್ ಅಳೆಯಲಾಗದು.

ಪ್ರೆಷರ್ ಡ್ರಾಪ್ ಜೊತೆಗೇ ನೋಡಿದರೆ ರೋಗ ಯಾವುದೆಂದೂ ತಿಳಿಯುತ್ತದೆ. ಭಾಗಲಬ್ಧ ಇಳಿದು ಪ್ರೆಷರ್ ಡ್ರಾಪ್ ಚೂರೇ ಏರಿದ್ದರೆ ತೆಳು ಲೋಳೆ, ಟವರಿನ ಬಯೋಸೈಡ್ ಡೋಸಿಂಗ್ ಕಡೆ ಹೋಗಿ ನೋಡಬೇಕು. ಟವರ್ ಬದಿಯ ಪ್ರೆಷರ್ ಡ್ರಾಪ್ ಒಮ್ಮೆಲೇ ಜಿಗಿದಿದ್ದರೆ ಅದು ಲೋಳೆಯಲ್ಲ, ಕಸ. ಎಲೆ, ಟವರ್ ಫಿಲ್ಲಿನ ಮುರಿದ ಪ್ಲಾಸ್ಟಿಕ್, ಪಕ್ಕದ ಕಟ್ಟಡದ ಕಾಮಗಾರಿಯ ಮರಳು ಬಂದು ಸಂದಿನ ಬಾಯಲ್ಲಿ ಕೂತಿವೆ. ಯಾವ ಫೌಲಿಂಗ್ ಫ್ಯಾಕ್ಟರೂ ಇದಕ್ಕೆ ಉತ್ತರವಲ್ಲ. ಸಂದಿನ ಅಗಲ ಮೂರು ಮಿಲಿಮೀಟರ್ ಇದ್ದರೆ ಮುಂದಿನ ಸ್ಟ್ರೈನರ್ ಜಾಲರಿಯ ತೂತು ಒಂದು ಮಿಲಿಮೀಟರಿಗಿಂತ ದೊಡ್ಡದಿರಬಾರದು. ಟವರ್ ನೀರನ್ನು ಆಗಾಗ ಹಿಮ್ಮುಖವಾಗಿ ಹರಿಸಲು ನಾಲ್ಕು ವಾಲ್ವ್‌ಗಳ ಜೋಡಣೆ ಮೊದಲೇ ಮಾಡಿಟ್ಟರೆ ಯಂತ್ರ ಬಿಚ್ಚುವ ಕೆಲಸ ಎಷ್ಟೋ ತಪ್ಪುತ್ತದೆ. ಇನ್ನೊಂದು ಲಕ್ಷಣ ಹೊಸ ಯಂತ್ರದಲ್ಲೇ ಕಾಣುವಂಥದ್ದು: ಎಷ್ಟು ಹೊತ್ತು ಓಡಿಸಿದರೂ ಹೊರಡುವ ನೀರು ಎರಡು ಒಳಬರುವ ಉಷ್ಣತೆಗಳ ನಡುಮಧ್ಯಕ್ಕೆ ಬಂದು ನಿಂತುಬಿಡುತ್ತದೆ. 30 ಮತ್ತು 18.5 ಒಳಬಂದರೆ ಹೊರಡುವುದು 24ಕ್ಕಿಂತ ಚೂರು ಮೇಲೆ. ಇದಕ್ಕೆ ತಟ್ಟೆ ತೊಳೆದು ಪ್ರಯೋಜನವಿಲ್ಲ. ಒಂದು ಬದಿಯ ಪೈಪು ತಲೆಕೆಳಗಾಗಿ ಸೇರಿದೆ, ಎದುರುಬದುರು ಹರಿಯಬೇಕಾದ ನೀರು ಜೊತೆಜೊತೆಗೆ ಹರಿಯುತ್ತಿದೆ.

ಓಡುವ ಯಂತ್ರಕ್ಕಿಂತ ನಿಂತ ಯಂತ್ರಕ್ಕೆ ಕೊಳೆ ಬೇಗ ಹತ್ತುತ್ತದೆ. ಫ್ರೀ ಕೂಲಿಂಗ್ ಚಳಿಗಾಲಕ್ಕಷ್ಟೇ ಎಂದುಕೊಂಡು ಮಾರ್ಚ್‌ನಲ್ಲಿ ವಾಲ್ವ್ ಮುಚ್ಚಿ ಬಿಟ್ಟವರ ತಟ್ಟೆಗಳ ನಡುವೆ ಬೆಚ್ಚಗಿನ ಟವರ್ ನೀರು ಆರು ತಿಂಗಳು ಕೊಳೆಯುತ್ತದೆ. ಲೋಳೆಯ ಅಡಿಯಲ್ಲಿ ಬೋರ್‌ವೆಲ್ ನೀರಿನ ಕ್ಲೋರೈಡ್ ಸೇರಿ ಸ್ಟೀಲಿಗೆ ಸೂಜಿಮೊನೆಯ ತೂತು ಬೀಳುವುದೂ ಇಂಥಲ್ಲೇ. ಟವರ್‌ನಲ್ಲಿ ಆವಿಯಾಗಿ ನೀರು ನಾಲ್ಕು ಪಟ್ಟು ಗಟ್ಟಿಯಾಗುವುದರಿಂದ ಕ್ಲೋರೈಡ್ ಕೂಡ ನಾಲ್ಕು ಪಟ್ಟಾಗಿರುತ್ತದೆ. ತಟ್ಟೆಗೆ 304 ಬದಲು 316 ದರ್ಜೆಯ ಸ್ಟೀಲ್ ಕೇಳುವುದು ಇದಕ್ಕೆ. ನಿಲ್ಲಿಸಲೇಬೇಕೆಂದರೆ ಟವರ್ ಬದಿಯನ್ನು ಖಾಲಿ ಮಾಡಿ, ಶುದ್ಧ ನೀರಿನಲ್ಲಿ ಜಾಲಾಡಿಸಿ ಬಿಡಬೇಕು. ಬಿಚ್ಚಿ ತೊಳೆಯಲು ಒಳ್ಳೆಯ ಕಾಲ ಸೆಪ್ಟೆಂಬರ್, ಅಕ್ಟೋಬರ್. ಯಂತ್ರ ಕಡಿಮೆ ಗಳಿಸುವ ತಿಂಗಳುಗಳು ಕಳೆದು, ಹೆಚ್ಚು ಗಳಿಸುವ ತಿಂಗಳುಗಳು ಮುಂದಿರುತ್ತವೆ. ತೊಳೆಯುವವರ ಕೈಯಿಂದ ಉಕ್ಕಿನ ತಂತಿ ಬ್ರಷ್ ಕಸಿದುಕೊಂಡು ನೈಲಾನ್ ಬ್ರಷ್ ಕೊಡಿ, ಹೈಡ್ರೋಕ್ಲೋರಿಕ್ ಆಸಿಡ್ ಕ್ಯಾನ್ ಪ್ಲಾಂಟ್ ರೂಮಿನ ಹತ್ತಿರವೂ ಸುಳಿಯದಂತೆ ನೋಡಿಕೊಳ್ಳಿ. ಮತ್ತೆ ಬಿಗಿಯುವಾಗ ಬೋಲ್ಟ್ ಎಷ್ಟು ತಿರುಗಿಸಿದೆವು ಎಂಬುದು ಲೆಕ್ಕಕ್ಕಿಲ್ಲ. ಎರಡು ಕೊನೆಯ ದಪ್ಪ ಹಲಗೆಗಳ ನಡುವಿನ ಅಳತೆ ಯಂತ್ರದ ಹೆಸರುಫಲಕದ ಮೇಲೆ ಕೆತ್ತಿದ ಅಂಕಿಗೆ ಬರಬೇಕು, ಅದನ್ನು ನಾಲ್ಕೂ ಮೂಲೆಯಲ್ಲಿ ಅಳತೆಪಟ್ಟಿ ಹಿಡಿದು ನೋಡಬೇಕು.